ಮೇಷ್ಟ್ರ ದುಡ್ಡು ಎಲ್ಲಿ ಹೋಯಿತು?

ಪ್ರಶ್ನೆ: ಡಾಕ್ಟ್ರೇ, ನಾನು ಒಂದು ಸಣ್ಣ ಕಥೆ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯ ಗಣಿತದ ಮೇಷ್ಟ್ರೊಬ್ಬರು 2023ರ ಜೂನ್‌ನಲ್ಲಿ ಮೊಬೈಲಿನಲ್ಲಿ ರಮ್ಮಿ ಶುರು ಮಾಡುತ್ತಾರೆ. 200 ರೂಪಾಯಿ ಹಾಕಿ ಮೊದಲ ವಾರವೇ 10,000 ಗೆಲ್ಲುತ್ತಾರೆ, ಅಷ್ಟೂ ಖಾತೆಗೆ ಬರುತ್ತದೆ. ಆಮೇಲೆ ಒಂದೂವರೆ ವರ್ಷದಲ್ಲಿ ಉಳಿತಾಯವೆಲ್ಲ ಹೋಗಿ, ಸೊಸೈಟಿ ಸಾಲವೂ ಸೇರಿ ಆರು ಲಕ್ಷದ ಹತ್ತಿರ ಕಳೆದುಕೊಳ್ಳುತ್ತಾರೆ. ಮಗಳಿಗೆ ಎಚ್ಚರ ಆಗದಿರಲಿ ಅಂತ ತಲೆ ಮೇಲೆ ಟವೆಲ್ ಹೊದ್ದು ರಾತ್ರಿ ಆಡುತ್ತಾರೆ. ಓದಿದ ಗೆಳೆಯರು "ಲೆಕ್ಕದ ಮೇಷ್ಟ್ರು ಇಷ್ಟು ದಡ್ಡರಾಗಿರಲ್ಲ" ಅಂದರು. ಆ್ಯಪ್‌ನವರು ಬೇಕಂತಲೇ ಮೊದಲು ಗೆಲ್ಲಿಸುತ್ತಾರಾ? ಅಷ್ಟು ದಿನ ಮನೆಯವರಿಗೆ ಗೊತ್ತಾಗದೆ ಇರುತ್ತದಾ? ಕೊನೆಗೆ ಅಣ್ಣ ಜಮೀನು ಮಾರಿ ಸಾಲ ತೀರಿಸುತ್ತಾನೆ, ಇವರು ಆ್ಯಪ್ ತೆಗೆದುಹಾಕುತ್ತಾರೆ. ಇನ್ನೊಂದು ಕರಡಿನಲ್ಲಿ ಮೇಷ್ಟ್ರು ಸಾಯುತ್ತಾರೆ. ಯಾವುದು ನಿಜಕ್ಕೆ ಹತ್ತಿರ?

ಉತ್ತರ: ನಿಮ್ಮ ಗೆಳೆಯರ ಮಾತಿನಿಂದಲೇ ಶುರು ಮಾಡುತ್ತೇನೆ. ಜೂಜಿನ ತೊಂದರೆಗೆ ಚಿಕಿತ್ಸೆ ಕೊಡುವ ಮನೋವೈದ್ಯನಾಗಿ ನಾನು ಮೇಷ್ಟ್ರುಗಳನ್ನು, ಬ್ಯಾಂಕಿನವರನ್ನು, ಲೆಕ್ಕಪತ್ರ ಬರೆಯುವವರನ್ನು ನೋಡಿದ್ದೇನೆ. ಲೆಕ್ಕ ಬರುವುದು ಇವರಿಗೆ ರಕ್ಷಣೆ ಆಗಲಿಲ್ಲ. ಎಷ್ಟೋ ಸಲ ಅದೇ ಕೈ ಕೊಟ್ಟಿತು. ಯಾಕೆಂದರೆ ರಮ್ಮಿಯಲ್ಲಿ ನಿಜವಾಗಿಯೂ ಬುದ್ಧಿಗೆ ಕೆಲಸ ಇದೆ. ಯಾವ ಎಲೆ ಬಿತ್ತು, ಎದುರಿನವರು ಏನು ಎತ್ತಿದರು ಅಂತ ನೆನಪಿಟ್ಟವರು ಚೆನ್ನಾಗಿ ಆಡುತ್ತಾರೆ. ಸುಪ್ರೀಂ ಕೋರ್ಟ್ ಕೂಡ 1967ರಲ್ಲಿ ಆಂಧ್ರದ ಒಂದು ಕೇಸಿನಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. ಈ ಮಾತನ್ನು ನನ್ನ ಎದುರು ಕೂತವರು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಕೋರ್ಟ್ ಹೇಳಿದ್ದು ಕಾನೂನಿನ ಮಾತು. ಕೌಶಲ ಇದ್ದವರಿಗೆ ದುಡ್ಡು ಉಳಿಯುತ್ತದೆ ಅಂತ ಅದು ಹೇಳಲೇ ಇಲ್ಲ. ಆಟ ಆಡಿಸುವವರು ಅದರಿಂದ ಲಾಭ ಮಾಡಿಕೊಳ್ಳುತ್ತಿದ್ದರೆ ವಿಷಯ ಬೇರೆಯಾಗಬಹುದು ಅಂತ ಅದೇ ತೀರ್ಪಿನಲ್ಲಿ ಇದೆ. ಆ ಸಾಲನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ.

ಈಗ ಮೊದಲ ಗೆಲುವು. ಬೇಕಂತಲೇ ಗೆಲ್ಲಿಸುತ್ತಾರೆ ಎಂಬ ಅನುಮಾನ ಎಲ್ಲ ಮನೆಯಲ್ಲೂ ಇರುತ್ತದೆ. ಆದರೆ ನಿಮ್ಮ ಕಥೆಗೆ ಅದು ಬೇಕಾಗಿಯೇ ಇಲ್ಲ. ಹೀಗೆ ಯೋಚಿಸಿ. ಒಂದೇ ವಾರ ನೂರು ಜನ 200 ರೂಪಾಯಿ ಹಾಕಿ ಆಡಲು ಶುರು ಮಾಡಿದರು. ಸುಮಾರು ಜನ ಆ 200 ಕಳೆದುಕೊಂಡು, ಛೀ ಅಂತ ಬಿಟ್ಟರು. ನಾಲ್ಕೋ ಐದೋ ಜನರಿಗೆ ಅದೃಷ್ಟ ಕೂಡಿ ಬಂತು. ನನ್ನ ಬಳಿ ಬರುವವರು ಆ ನಾಲ್ಕೈದು ಜನರ ಪೈಕಿಯವರು. ಬಿಟ್ಟು ಹೋದವರ ಬಗ್ಗೆ ಯಾರೂ ಕಥೆ ಬರೆಯುವುದಿಲ್ಲ. ಹಾಗಾಗಿ ಕೇಳಿದ ಕಥೆಗಳೆಲ್ಲ ಗೆಲುವಿನಿಂದಲೇ ಶುರುವಾದಂತೆ ಕಾಣುತ್ತವೆ. ಆ್ಯಪ್ ಮೋಸ ಮಾಡದೇ ಇದ್ದರೂ ಹೀಗೇ ಆಗುತ್ತದೆ.

ಅಮೆರಿಕದ ರಾಬರ್ಟ್ ಕಸ್ಟರ್ ಎಂಬ ಮನೋವೈದ್ಯರು ಜೂಜಿನ ದಾರಿಯನ್ನು ಮೂರು ಹಂತವಾಗಿ ವಿವರಿಸಿದ್ದರು: ಗೆಲ್ಲುವ ಹಂತ, ಸೋಲುವ ಹಂತ, ಹತಾಶೆಯ ಹಂತ. ಮೊದಲ ಹಂತದಲ್ಲಿ ಸಿಗುವ ದುಡ್ಡಿಗಿಂತ ಅದು ಮನಸ್ಸಿನಲ್ಲಿ ಬಿಟ್ಟು ಹೋಗುವ ಗುರುತು ಮುಖ್ಯ. "ನನಗೆ ಇದು ಬರುತ್ತದೆ" ಎಂಬ ಭಾವನೆ ಅದು. ಹತ್ತು ವರ್ಷ ಅದೇ ಶಾಲೆ, ಅದೇ ಪಾಠ, ಯಾರೂ ಭೇಷ್ ಅನ್ನದ ಕೆಲಸ ಮಾಡಿದವರಿಗೆ ಆ ಭಾವನೆ ಎಷ್ಟು ಸಿಹಿಯಾಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, ಅಲ್ವಾ? ಮೇಷ್ಟ್ರನ್ನು ಆಸೆಬುರುಕರನ್ನಾಗಿ ಮಾಡಬೇಡಿ. ನಾನು ನೋಡಿದವರಲ್ಲಿ ಆಸೆಬುರುಕರು ಕಡಿಮೆ.

ಇಲ್ಲೊಂದು ತಪ್ಪು ತಿದ್ದಿಕೊಳ್ಳಿ. 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 30 ಪರ್ಸೆಂಟ್ ಟಿಡಿಎಸ್ ಕತ್ತರಿಸುತ್ತಾರೆ. 200 ಹಾಕಿ 10,000 ತೆಗೆದರೆ ನಿವ್ವಳ ಗೆಲುವು 9,800. ಅದರಲ್ಲಿ 2,940 ತೆರಿಗೆಗೆ ಹೋಗುತ್ತದೆ. ಮೇಷ್ಟ್ರ ಖಾತೆಗೆ ಬರುವುದು 7,060 ಮಾತ್ರ. ಇದು ಬರೀ ಲೆಕ್ಕ ಸರಿಪಡಿಸುವ ಮಾತಲ್ಲ, ಕಥೆಗೇ ಉಪಯೋಗಕ್ಕೆ ಬರುತ್ತದೆ. ತೆರಿಗೆ ಕತ್ತರಿಸುವುದು ಹಣ ಹೊರಗೆ ತೆಗೆದಾಗ, ಇಲ್ಲವೇ ಹಣಕಾಸು ವರ್ಷದ ಕೊನೆಗೆ. ಆ್ಯಪ್‌ನೊಳಗೇ ಬಿಟ್ಟರೆ ಸದ್ಯಕ್ಕೆ ಏನೂ ಹೋಗುವುದಿಲ್ಲ. ಹೀಗಾಗಿ ಎರಡನೇ ಸಲ ಗೆದ್ದಾಗ ಮೇಷ್ಟ್ರು ಹಣ ತೆಗೆಯುವುದಿಲ್ಲ. "ಸುಮ್ನೆ ಯಾಕೆ ಮೂರನೇ ಒಂದು ಭಾಗ ಕೊಡಬೇಕು, ಅಲ್ಲೇ ಇರಲಿ" ಅಂದುಕೊಳ್ಳುತ್ತಾರೆ. ಅಲ್ಲಿ ಉಳಿದ ಹಣ ಮುಂದೆ ಹಣದಂತೆ ಕಾಣುವುದಿಲ್ಲ. ಟೇಬಲ್‌ಗೆ ಕೂರಲು ಬೇಕಾದ ಅಂಕಿಯಂತೆ ಕಾಣುತ್ತದೆ.

ಇನ್ನು ನಿಧಾನವಾದ ಸೋಲು. ಕಥೆಯ ಹೊಟ್ಟೆ ಇದೇ, ಸ್ವಲ್ಪ ಹೊತ್ತು ಇಲ್ಲೇ ಕೂರೋಣ.

ಇಬ್ಬರು ಆಡುವ ಟೇಬಲ್ ತೆಗೆದುಕೊಳ್ಳಿ. ಒಬ್ಬೊಬ್ಬರು 100 ರೂಪಾಯಿ ಹಾಕುತ್ತಾರೆ, ಒಟ್ಟು 200. ಆಟ ಆಡಿಸುವ ಆ್ಯಪ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಅದು ಆ್ಯಪ್‌ನಿಂದ ಆ್ಯಪ್‌ಗೆ ಬೇರೆ, ಇಲ್ಲಿ 10 ಪರ್ಸೆಂಟ್ ಎಂದಿಟ್ಟುಕೊಳ್ಳಿ. ಗೆದ್ದವರಿಗೆ 180 ಸಿಗುತ್ತದೆ. ಮೇಷ್ಟ್ರು ಮತ್ತು ಎದುರಿನವರು ಸಮಬಲದವರು. ಹತ್ತು ಆಟದಲ್ಲಿ ಮೇಷ್ಟ್ರು ಐದು ಗೆಲ್ಲುತ್ತಾರೆ. ಹಾಕಿದ್ದು 1,000, ಬಂದದ್ದು 900. ಅಂದರೆ ಅರ್ಧಕ್ಕರ್ಧ ಗೆದ್ದರೂ ಆಟಕ್ಕೆ 10 ರೂಪಾಯಿ ಸೋತರು. ಬರೀ ಹಾಕಿದ್ದು ವಾಪಸ್ ಬರಬೇಕಾದರೂ ನೂರರಲ್ಲಿ 56 ಆಟ ಗೆಲ್ಲಬೇಕು, ಅದೂ ಪ್ರತಿ ತಿಂಗಳು. ಎದುರಿನವರು ದಿನವೆಲ್ಲ ಅದನ್ನೇ ಆಡುವವರಾಗಿರಬಹುದು. ಮೇಷ್ಟ್ರು ಪಾಠ ಮುಗಿಸಿ, ಊಟ ಮುಗಿಸಿ, ಕಣ್ಣು ಎಳೆಯುವ ಹೊತ್ತಿಗೆ ಕೂತವರು.

ಇದನ್ನು ತಿಂಗಳಿಗೆ ಬಿಡಿಸಿ ನೋಡಿ. ರಾತ್ರಿಗೆ 20 ಆಟ, 100 ರೂಪಾಯಿ ಟೇಬಲ್. ಸರಾಸರಿ ನಷ್ಟ ದಿನಕ್ಕೆ 200, ತಿಂಗಳಿಗೆ 6,000. ಜುಲೈಯಿಂದ ಅಕ್ಟೋಬರ್‌ವರೆಗೆ ನಾಲ್ಕು ತಿಂಗಳು ಹೀಗೆ ನಡೆದರೆ 24,000. ಸಂಬಳ ಬರುವವರಿಗೆ ಇದು ಸೋಲು ಅಂತಲೇ ಅನ್ನಿಸುವುದಿಲ್ಲ. ನವೆಂಬರ್‌ನಲ್ಲಿ, ಹೋದದ್ದನ್ನು ಬೇಗ ಎತ್ತೋಣ ಅಂತ 250ರ ಟೇಬಲ್‌ಗೆ ಹೋಗುತ್ತಾರೆ. ಈಗ ತಿಂಗಳಿಗೆ 15,000. ಆರು ತಿಂಗಳಿಗೆ 90,000. ತಿಂಗಳಿಗೆ 5,000ದಂತೆ ಹದಿನೆಂಟು ತಿಂಗಳು ಕಟ್ಟಿದ ಆರ್‌ಡಿ ಅಷ್ಟಕ್ಕೆ ಸರಿ. 2024ರ ಮೇ ತಿಂಗಳಿಂದ 500ರ ಟೇಬಲ್. ತಿಂಗಳಿಗೆ 30,000, ಆರು ತಿಂಗಳಿಗೆ 1,80,000. ಎರಡು ಲಕ್ಷದ ಎಫ್‌ಡಿ ಹೋಯಿತು. ಇಲ್ಲಿಗೆ 2,94,000. ಗಮನಿಸಿ, ಇಷ್ಟರಲ್ಲಿ ಒಂದೂ ದೊಡ್ಡ ದುರಾದೃಷ್ಟ ಇಲ್ಲ. ಒಂದು ರಾತ್ರಿ ಮನೆ ಮುಳುಗಿದ್ದಿಲ್ಲ. ಅವರು ಪ್ರತಿ ರಾತ್ರಿ ಸುಮಾರು ಹತ್ತು ಆಟ ಗೆದ್ದೇ ಮಲಗಿದ್ದಾರೆ. ಕೆಲವು ರಾತ್ರಿ ಲಾಭದಲ್ಲೂ ಎದ್ದಿದ್ದಾರೆ. ನಷ್ಟ ಬಂದದ್ದು ಸೋತ ಆಟಗಳಿಂದ ಅಲ್ಲ, ಎರಡೂ ಕಡೆಯಿಂದ ಕತ್ತರಿಸಿದ ಪಾಲಿನಿಂದ.

ಮೂರು ಲಕ್ಷದ ಸೊಸೈಟಿ ಸಾಲ ಬಂದ ಮೇಲಿನ ಕಥೆ ಬೇರೆ. ಅದು ಒಂದೂವರೆ ವರ್ಷ ತೆಗೆದುಕೊಳ್ಳುವುದಿಲ್ಲ, ಮೂರೇ ತಿಂಗಳಲ್ಲಿ ಮುಗಿಯುತ್ತದೆ. ಅಲ್ಲಿ ಲೆಕ್ಕ ಕೆಲಸ ಮಾಡುವುದಿಲ್ಲ, ಆಟವೇ ಕೆಡುತ್ತದೆ. ಅದನ್ನು ತೋರಿಸಲು ನಿಮಗೊಂದು ಸೂಕ್ಷ್ಮ ಹೇಳಿಕೊಡುತ್ತೇನೆ. ಒಂದೊಂದು ಪಾಯಿಂಟ್‌ಗೂ ಇಷ್ಟು ದುಡ್ಡು ಅಂತ ಆಡುವ ಪಾಯಿಂಟ್ಸ್ ರಮ್ಮಿಯಲ್ಲಿ ಕೈಗೆ ಕೆಟ್ಟ ಎಲೆ ಬಂದರೆ ಮೊದಲೇ ಡ್ರಾಪ್ ಮಾಡಬಹುದು, ಅಂದರೆ ಆ ಆಟ ಬಿಟ್ಟುಕೊಡಬಹುದು. ಆರು ಜನರ ಟೇಬಲ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಬಿಟ್ಟರೆ 20 ಪಾಯಿಂಟ್, ನಡುವೆ ಬಿಟ್ಟರೆ 40, ಪೂರ್ತಿ ಸಿಕ್ಕಿಹಾಕಿಕೊಂಡರೆ 80 ನಷ್ಟ. ಒಳ್ಳೆ ಆಟಗಾರರ ಗುರುತೇ ಸುಮ್ಮನೆ ಡ್ರಾಪ್ ಮಾಡಿ ಕೂರುವುದು. ಮೊದಲ ತಿಂಗಳುಗಳಲ್ಲಿ ಮೇಷ್ಟ್ರು ಹಾಗೇ ಮಾಡುತ್ತಾರೆ. ಸಾಲದ ದುಡ್ಡಿನಲ್ಲಿ ಆಡುವಾಗ ಮಾಡಲಾರರು. 20 ಪಾಯಿಂಟ್ ಬಿಟ್ಟುಕೊಡುವುದೂ ಅವರಿಗೆ ಸೋಲೊಪ್ಪಿದ ಹಾಗೆ. ಒಂದೂ ಸೀಕ್ವೆನ್ಸ್ ಆಗದ ಕೈ ಹಿಡಿದು ಕೊನೆವರೆಗೂ ಕಾಯುತ್ತಾರೆ. ನಾನು ರೋಗಿಗಳನ್ನು "ಎಷ್ಟು ಸೋತಿರಿ" ಅಂತ ಮೊದಲು ಕೇಳುವುದಿಲ್ಲ. "ಡ್ರಾಪ್ ಮಾಡುವುದು ಯಾವಾಗ ನಿಂತಿತು" ಅಂತ ಕೇಳುತ್ತೇನೆ. ಆ ತಿಂಗಳು ಅವರಿಗೆ ನೆನಪಿರುತ್ತದೆ.

ರಮ್ಮಿಗೆ ಇನ್ನೊಂದು ಗುಣ ಇದೆ. ಹದಿಮೂರು ಎಲೆಯಲ್ಲಿ ಹನ್ನೆರಡು ಕೂಡಿ, ಒಂದಕ್ಕೆ ಕಾಯುವಾಗ ಎದುರಿನವರು ಡಿಕ್ಲೇರ್ ಮಾಡಿಬಿಡುತ್ತಾರೆ. ಕಾಗದದ ಮೇಲೆ ಅದು ಸೋಲು. ಆಡುವವರಿಗೆ "ಇನ್ನೇನು ಗೆದ್ದೇಬಿಟ್ಟಿದ್ದೆ" ಎಂಬ ಅನುಭವ. ಹೀಗೆ ಕೂದಲೆಳೆಯಲ್ಲಿ ತಪ್ಪಿದ ಸೋಲು ಮೆದುಳಿಗೆ ಗೆಲುವಿನ ರುಚಿಯನ್ನೇ ಕೊಡುತ್ತದೆ, ಮುಂದಿನ ಆಟಕ್ಕೆ ಕೈ ತಾನಾಗಿ ಹೋಗುತ್ತದೆ. ಮರುದಿನ ಕಪ್ಪುಹಲಗೆಯ ಮುಂದೆ ನಿಂತಾಗಲೂ ಮೇಷ್ಟ್ರ ತಲೆಯಲ್ಲಿ ಓಡುವುದು ಆ ಬಾರದ ಎಲೆ.

ಮನೆಯವರಿಗೆ ಯಾಕೆ ಗೊತ್ತಾಗಲಿಲ್ಲ? ಹಣ ಹೋಗುವ ಕ್ರಮ ನೋಡಿದರೆ ಉತ್ತರ ಸಿಗುತ್ತದೆ. ನಾನು ಕಂಡ ಮನೆಗಳಲ್ಲಿ ಮೊದಲು ಹೋಗುವುದು ಯಾರ ಕಣ್ಣಿಗೂ ಬೀಳದ ಹಣ. ಸಂಬಳದಲ್ಲಿ ಮಿಕ್ಕದ್ದು, ಆಮೇಲೆ ಆರ್‌ಡಿ, ಆಮೇಲೆ ಎಫ್‌ಡಿ. ಎಫ್‌ಡಿ ಮುರಿಯಲು ಈಗ ಬ್ಯಾಂಕಿಗೆ ಹೋಗಬೇಕಾಗಿಲ್ಲ, ಮೊಬೈಲಿನಲ್ಲೇ ಆಗುತ್ತದೆ. ಮ್ಯಾನೇಜರ್ "ಯಾಕೆ ಮೇಷ್ಟ್ರೇ, ಏನಾಯ್ತು?" ಅಂತ ಕೇಳುವ ಸಂದರ್ಭವೇ ಇಲ್ಲ. ಚೀಟಿ ಇದ್ದರೆ ಅವಸರಕ್ಕೆ ಜಾಸ್ತಿ ಬಿಟ್ಟು ಕೂಗಿ ಎತ್ತುತ್ತಾರೆ. ಇದೆಲ್ಲ ಮುಗಿದ ಮೇಲೆ ಇನ್ನೊಬ್ಬರ ಸಹಿ ಬೇಕಾಗುವ ಹಣ ಬರುತ್ತದೆ. ಸೊಸೈಟಿ ಸಾಲಕ್ಕೆ ಜೊತೆಯ ಮೇಷ್ಟ್ರುಗಳು ಜಾಮೀನು ಹಾಕಬೇಕು. ಸಾಮಾನ್ಯವಾಗಿ ಕೊನೆಗೆ ಒಡವೆ, ಅದಕ್ಕೆ ಹೆಂಡತಿಯ ಬೀರುವಿನ ಕೀಲಿ ಬೇಕು. ಕಾಣದ ಹಣದಿಂದ ಕಾಣುವ ಹಣಕ್ಕೆ ಈ ನಡಿಗೆ. ನಿಮ್ಮ ಕಥೆಯ ಅತಿ ದೊಡ್ಡ ಕ್ಷಣ ಹಣ ಸೋತ ರಾತ್ರಿ ಅಲ್ಲ ಅಂತ ನನಗನ್ನಿಸುತ್ತದೆ. ಸ್ಟಾಫ್ ರೂಮಿನಲ್ಲಿ ಜೊತೆಯವರ ಮುಂದೆ ಜಾಮೀನು ಫಾರಂ ಇಟ್ಟು, "ಮನೆ ರಿಪೇರಿಗೆ" ಅಂತ ಹೇಳುವ ಮಧ್ಯಾಹ್ನ. ಅಲ್ಲಿಯವರೆಗೆ ಅವರು ಮುಚ್ಚಿಟ್ಟಿದ್ದರು. ಅವತ್ತು ಮೊದಲ ಸಲ ಬಾಯಿಬಿಟ್ಟು ಸುಳ್ಳು ಹೇಳಿದರು.

ಅವರು ತಮಗೂ ಲೆಕ್ಕ ಹೇಳಿಕೊಂಡಿರುವುದಿಲ್ಲ, ಅದನ್ನೂ ನೆನಪಿಡಿ. ನನ್ನ ಬಳಿ ಬಂದವರಿಗೆ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತರಲು ಹೇಳುತ್ತೇನೆ. ಕೂಡುವ ಮುಂಚೆ ಒಂದು ಅಂದಾಜು ಬರೆಯಿರಿ ಅನ್ನುತ್ತೇನೆ. ಆಮೇಲೆ ಆ್ಯಪ್‌ಗೆ ಹೋದದ್ದಕ್ಕೆ ಕೆಂಪು, ವಾಪಸ್ ಬಂದದ್ದಕ್ಕೆ ನೀಲಿ ಗೆರೆ ಎಳೆಸುತ್ತೇನೆ. 200, 500, 300, ಮತ್ತೆ 500. ಪುಟಗಟ್ಟಲೆ ಕೆಂಪು. ನಡುವೆ ಅಲ್ಲೊಂದು ಇಲ್ಲೊಂದು ನೀಲಿ. ಅವರ ನೆನಪಿನಲ್ಲಿ ಉಳಿದದ್ದು ಆ ನೀಲಿ ಗೆರೆಗಳು ಮಾತ್ರ. ಒಬ್ಬರು ಒಂದೂವರೆ ಲಕ್ಷ ಎಂದು ಬರೆದಿದ್ದರು. ಒಟ್ಟು ನಾಲ್ಕು ದಾಟಿದಾಗ ಪೆನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕೂತರು.

ಈಗ ನಿಮ್ಮ ಮುಕ್ತಾಯಗಳು. ಅಣ್ಣ ಜಮೀನು ಮಾರಿ ಸಾಲ ತೀರಿಸುವುದು ತುಂಬಾ ನಡೆಯುವಂಥದ್ದೇ. ಆದರೆ ಕಥೆ ಅಲ್ಲಿ ಮುಗಿಯುವುದು ಅಪರೂಪ. ಸಾಲ ತೀರಿದರೆ ತಲೆ ಮೇಲಿನ ಭಾರ ಇಳಿಯುತ್ತದೆ, ಜೊತೆಗೆ ಹೊಸ ಸಾಲ ಹುಟ್ಟುವ ದಾರಿಯೂ ತೆರೆಯುತ್ತದೆ. ಅಣ್ಣನ ಋಣ ತೀರಿಸಲು ಒಂದೇ ಒಂದು ದೊಡ್ಡ ಗೆಲುವು ಬೇಕು ಅಂತ ಮತ್ತೆ ಕೂತವರನ್ನು ನಾನು ನೋಡಿದ್ದೇನೆ. ಸಹಾಯ ಮಾಡಲೇಬೇಕಾದರೆ ಹಣವನ್ನು ಅವರ ಕೈಗೆ ಕೊಡದೆ ನೇರ ಸೊಸೈಟಿಗೆ ಕಟ್ಟಬೇಕು, ಅದೂ ಪೂರ್ತಿ ಲೆಕ್ಕ ಹೊರಬಂದ ಮೇಲೆ. ಕಂತುಗಳು ಸಂಬಳದಿಂದ ಹೋಗುವಂತೆ ಬಿಡುವುದೇ ಎಷ್ಟೋ ಸಲ ಒಳ್ಳೆಯದು. ಜಮೀನು ಉಳಿಯುತ್ತದೆ.

ಆ್ಯಪ್ ತೆಗೆದುಹಾಕುವುದು ಒಂದು ಬೆರಳಿನ ಕೆಲಸ, ವಾಪಸ್ ಹಾಕುವುದೂ ಅಷ್ಟೇ. ಖಾತೆ ಹಾಗೇ ಇರುತ್ತದೆ. ಇನ್ನೊಂದು ವಿಷಯ, ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ. ಆಡಿದವರಿಗೆ ಇಲ್ಲ. ನಿಮ್ಮ ಕಥೆ 2025ರ ಜನವರಿ ಹೊತ್ತಿಗೆ ಮುಗಿಯುವುದರಿಂದ ತೊಂದರೆ ಇಲ್ಲ. ಮುಂದುವರಿಸಿದರೆ, ಮೇಷ್ಟ್ರ ಮೊಬೈಲಿಗೆ ವಿದೇಶಿ ಆ್ಯಪ್‌ಗಳ ಲಿಂಕ್ ಬರಬಹುದು. ಅಲ್ಲಿ ಗೆದ್ದ ಹಣ ಕೊಡದಿದ್ದರೂ ಹಿಡಿದು ಕೇಳಲು ಆಫೀಸೂ ಇಲ್ಲ, ಮನುಷ್ಯರೂ ಇಲ್ಲ.

ಆ್ಯಪ್ ತೆಗೆದರೆ ಸಾಲದು, ಮೇಷ್ಟ್ರ ಸಂಬಳದ ಖಾತೆಯನ್ನು ಹೆಂಡತಿ ನೋಡಿಕೊಳ್ಳುವುದು ನಾವು ಹೇಳಿಕೊಡುವ ದಾರಿ. ಯುಪಿಐ ತೆಗೆಸುವುದು, ಖರ್ಚಿಗೆ ವಾರಕ್ಕಿಷ್ಟು ಅಂತ ಕೈಗೆ ಕೊಡುವುದು. ಇದು ಕೆಲಸ ಮಾಡುತ್ತದೆ, ಅಪಾಯವೂ ಇದೆ. ಮೇಷ್ಟ್ರಿಗೆ ಅವಮಾನ, ಹೆಂಡತಿಗೆ ಪೊಲೀಸ್ ಕೆಲಸ. ಬಲವಂತವಾಗಿ ಮಾಡಿದರೆ ಜೊತೆಯವರ ಹತ್ತಿರ ಕೈಸಾಲ ಶುರುವಾಗುತ್ತದೆ. ಹಾಗಾಗಿ ಆರು ತಿಂಗಳು ಅಂತ ಅವಧಿ ಹಾಕಿ, ಇಬ್ಬರೂ ಒಪ್ಪಿ, ಮೂರನೆಯವರ ಎದುರು ಮಾತಾಡಿ ಮಾಡುವುದು ಒಳ್ಳೆಯದು.

ಚಿಕಿತ್ಸೆಯಲ್ಲಿ ಪವಾಡ ಇಲ್ಲ. ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಮಾತುಕತೆ. ಆಸೆ ಬರುವ ಹೊತ್ತು ಯಾವುದು, ಸಂಬಳದ ದಿನ ಏನು ಮಾಡಬೇಕು, "ಹೋದದ್ದನ್ನು ಎತ್ತಬೇಕು" ಎಂಬ ಯೋಚನೆಗೆ ಏನು ಉತ್ತರ ಕೊಡಬೇಕು, ಇದೇ ಅಲ್ಲಿಯ ಕೆಲಸ. ಜೊತೆಗೆ ಖಿನ್ನತೆ ಇದ್ದರೆ ಅದಕ್ಕೂ ಔಷಧಿ ಕೊಡುತ್ತೇವೆ. ಆಸೆ ತಗ್ಗಿಸಲು ಕೆಲವರಿಗೆ ನಾಲ್ಟ್ರೆಕ್ಸೋನ್ ಮಾತ್ರೆ ಕೊಡುವುದೂ ಉಂಟು. ನಡುವೆ ಒಂದೆರಡು ಸಲ ಜಾರುತ್ತಾರೆ. ಜಾರಿದವರು ಮರುದಿನವೇ ಹೇಳಿಕೊಂಡರೆ ನಾನು ಅದನ್ನು ಒಳ್ಳೆಯ ಲಕ್ಷಣ ಅಂತಲೇ ನೋಡುತ್ತೇನೆ.

ಸಾವಿನ ಕರಡು ಬೇಡ ಎಂದು ಕೇಳಿಕೊಳ್ಳುತ್ತೇನೆ. ಅಪಾಯ ನಿಜ, ಅದರಲ್ಲೂ ಸಾಲ ಬಯಲಾದ ಆ ಒಂದೆರಡು ವಾರ ತುಂಬಾ ಸೂಕ್ಷ್ಮ. ಆದರೆ ಅದೊಂದೇ ದಾರಿ ಎಂಬಂತೆ ಬರೆದರೆ, ಅದೇ ಸ್ಥಿತಿಯಲ್ಲಿ ಓದುತ್ತಿರುವವರಿಗೂ ಹಾಗೇ ಕಾಣಬಹುದು. ಆ ದಿನಗಳಲ್ಲಿ ಮನೆಯವರು ಕೇಳಬೇಕಾದ ಪ್ರಶ್ನೆ ಒಂದಿದೆ: "ಸಾಯಬೇಕು ಅನ್ನಿಸುತ್ತಿದೆಯಾ?" ಹೀಗೆ ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೊರಗೆ ಬರುತ್ತದೆ. ನಿಮ್ಮ ಕಥೆಯಲ್ಲಿ ಹೆಂಡತಿ ಇದನ್ನು ಕೇಳಲಿ. ನೋಡಿ, ಆಮೇಲೆ ಕಥೆ ಎಲ್ಲಿಗೆ ಹೋಗುತ್ತದೆ ಅಂತ.

ಒಂದು ಮಾತು ಕೇಳದೆ ಇರಲಾರೆ, ತಪ್ಪು ತಿಳಿಯಬೇಡಿ. ಮಗಳಿಗೆ ಎಚ್ಚರ ಆಗದಿರಲಿ ಅಂತ ಟವೆಲ್ ಹೊದ್ದು ಆಡುವುದನ್ನು ಕೂತು ಕಲ್ಪಿಸಿಕೊಳ್ಳುವವರು ಕಡಿಮೆ. ಅದನ್ನು ಕಂಡವರು ಬರೆಯುತ್ತಾರೆ. ಆ ಮೇಷ್ಟ್ರು ನಿಮ್ಮ ಮನೆಯವರೇ ಆಗಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮೇಷ್ಟ್ರು ಒಪ್ಪದಿದ್ದರೂ ಮೊದಲು ನೀವೊಬ್ಬರೇ ಮಾಡಬಹುದು. ಬೆಂಗಳೂರಿಗೆ ಬರಲು ಸಾಧ್ಯವಾದರೆ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆನ್‌ಲೈನ್ ಚಟಗಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಇಲ್ಲವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೋಗುವಾಗ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಗೆರೆ ಎಳೆಯುವ ಕೆಲಸ ಮನೆಯಲ್ಲಿ ಮಾಡಬೇಡಿ, ಅಲ್ಲೇ ಅವರ ಎದುರು ಕೂತು ಮಾಡಿ.